ಪಿಎಚ್.ಡಿ. ಪ್ರಬಂಧದ ಆಕರ ಪಟ್ಟಿಯಲ್ಲಿ ಅನುಮಾನ ಇರುವ ನಮೂದುಗಳನ್ನು ನೋಡಿಕೊಡಲು ಕೋರಿ

ಬೆಂಗಳೂರು
16 ಜೂನ್ 2025

ಗ್ರಂಥಪಾಲಕರಿಗೆ
ವಿಶ್ವವಿದ್ಯಾಲಯದ ಗ್ರಂಥಾಲಯ, ಬೆಂಗಳೂರು

ಮೇಡಂ, ನಮಸ್ಕಾರ.

ಹೋದ ವಾರ ಫೋನಿನಲ್ಲಿ ಮಾತಾಡಿದಾಗ ಎಲ್ಲವನ್ನೂ ಬರೆದು ಕಳಿಸಿ ಅಂದಿದ್ದಿರಿ. ಅದಕ್ಕೇ ಈ ಪತ್ರ.

ನನ್ನ ವಿದ್ಯಾರ್ಥಿನಿ ಸುಧಾ ಬೆಂಗಳೂರು ಸುತ್ತಮುತ್ತಲ ಕೆರೆಗಳನ್ನು ಹಿಂದೆ ಯಾರು, ಹೇಗೆ ನೋಡಿಕೊಳ್ಳುತ್ತಿದ್ದರು ಎಂಬುದರ ಮೇಲೆ ಪ್ರಬಂಧ ಬರೆದಿದ್ದಾರೆ. ಜುಲೈ ಕೊನೆಗೆ ಸಲ್ಲಿಸಬೇಕು. ಮಾರ್ಗದರ್ಶಕನಾಗಿ ನಾನು ಸಹಿ ಹಾಕುವ ಮುಂಚೆ ಆಕರ ಪಟ್ಟಿಯನ್ನು ಸಾಲು ಸಾಲಾಗಿ ನೋಡಿದೆ. ಹೆಚ್ಚಿನವು ಸರಿಯಾಗಿವೆ. ಕೆಲವು ಮಾತ್ರ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಇವೆಲ್ಲ ಹಳೆಯ ಪ್ರಬಂಧಗಳ ಅಡಿಟಿಪ್ಪಣಿಯಿಂದ ಬಂದವು. ಆ ಪ್ರಬಂಧಗಳು ಇನ್ನೊಂದರಿಂದ ಎತ್ತಿಕೊಂಡಿರಬಹುದು. ಕೃತಿಚೌರ್ಯದ ಸಾಫ್ಟ್‌ವೇರ್ ಇಲ್ಲಿ ನೆರವಿಗೆ ಬರುವುದಿಲ್ಲ. 2018ರ ಯುಜಿಸಿ ನಿಯಮವೇ ಆಕರ ಪಟ್ಟಿಯನ್ನು ಹೋಲಿಕೆ ಪರೀಕ್ಷೆಯಿಂದ ಹೊರಗಿಟ್ಟಿದೆ, ಅಲ್ವಾ.

ಮೊದಲು, ನನಗೆ ಜಾಸ್ತಿ ತಲೆನೋವಾಗಿರುವುದು. ಪಟ್ಟಿಯಲ್ಲಿ "ಬಿ.ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 9, ಮೈಸೂರು, 1990" ಅಂತಿದೆ. ರೈಸ್ ಅವರ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು, ಅಚ್ಚಾಗಿದ್ದು 1905ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳ ಲೆಕ್ಕವೇ ಬೇರೆ. ಅಲ್ಲಿ ಒಂಬತ್ತನೆಯದು ಬೇಲೂರಿನ ಶಾಸನಗಳದು. ಪ್ರಬಂಧದಲ್ಲಿ ಚರ್ಚೆಗೆ ಬಂದಿರುವುದು ಹೊಸಕೋಟೆ, ದೇವನಹಳ್ಳಿ ಕಡೆಯ ಕೆರೆ ಶಾಸನಗಳು. ಅಂದರೆ ರೈಸ್ ಸಂಪುಟವೇ ಇರಬೇಕು ಎಂದು ನನ್ನ ಊಹೆ. ಆದರೆ ಊಹೆಯ ಮೇಲೆ 1990 ತೆಗೆದು 1905 ಅಂತ ತಿದ್ದಲು ಮನಸ್ಸಿಲ್ಲ. ಎರಡು ಮಾಲೆಯನ್ನೂ ಪಕ್ಕದಲ್ಲಿಟ್ಟು ಪ್ರಬಂಧದಲ್ಲಿರುವ ಶಾಸನ ಸಂಖ್ಯೆಗಳು ಯಾವುದಕ್ಕೆ ಹೊಂದುತ್ತವೆ ಎಂದು ನೋಡಲು ಸಾಧ್ಯವೇ? ಇನ್ನೊಂದು ತೊಡಕಿದೆ. ಹಳೆಯ ಸಂಪುಟದಲ್ಲಿ ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ. ಬರೀ "ಪುಟ 72" ಅಂದರೆ ಯಾವ ಭಾಗದ್ದು? ತಾಲ್ಲೂಕು ಮತ್ತು ಶಾಸನ ಸಂಖ್ಯೆ ಕೊಡುವುದೇ ಮೇಲು ಎಂದು ಸುಧಾಗೆ ಹೇಳಿದ್ದೇನೆ. ನಿಮ್ಮ ಅಭಿಪ್ರಾಯವನ್ನೂ ಹೇಳಿ.

ಬುಕನನ್ ಪ್ರವಾಸ ಕಥನದ ನಮೂದಿನಲ್ಲಿ "ಹಿಗ್ಗಿನ್‌ಬಾಥಮ್, ಮದ್ರಾಸು, 1807" ಎಂದಿದೆ. ಆ ಅಂಗಡಿ ಹುಟ್ಟಿದ್ದೇ 1844ರಲ್ಲಿ. 1807ರದು ಲಂಡನ್‌ನಲ್ಲಿ ಬಂದ ಮೂರು ಸಂಪುಟದ ಆವೃತ್ತಿ. ಮದ್ರಾಸಿನದು 1870ರ ಎರಡು ಸಂಪುಟದ್ದು. ಎರಡನ್ನೂ ಯಾರೋ ಒಂದೇ ಸಾಲಿಗೆ ಸೇರಿಸಿದ್ದಾರೆ. ಪ್ರಬಂಧದಲ್ಲಿ ಉದ್ಧರಿಸಿದ ಭಾಗದ ಫೋಟೋಕಾಪಿ ಪತ್ರದ ಜೊತೆಗಿದೆ. ಅದು ಯಾವ ಆವೃತ್ತಿಯ ಯಾವ ಪುಟದಲ್ಲಿದೆ ಎಂದು ತಿಳಿದರೆ ಸಾಕು.

ಹಯವದನರಾಯರ ಮೈಸೂರು ಗೆಜೆಟಿಯರ್‌ನದು ಸಣ್ಣ ವಿಷಯ. ಎರಡನೇ ಸಂಪುಟ ಎಂದಷ್ಟೇ ಇದೆ. ಆ ಸಂಪುಟ ನಾಲ್ಕು ಭಾಗಗಳಲ್ಲಿ ಬಂದಿದೆಯಲ್ಲ, ಭಾಗದ ಸಂಖ್ಯೆ ಬೇಕು.

ಸರ್ಕಾರಿ ವರದಿಗಳಲ್ಲಿ ಎರಡು ಇವೆ. "ಕರ್ನಾಟಕ ಸರ್ಕಾರ, ಸಣ್ಣ ನೀರಾವರಿ ಕೆರೆಗಳ ವರದಿ, 1968" ಎಂಬುದು ಹಾಗೆ ಇರಲು ಸಾಧ್ಯವಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಸುಧಾ ಕ್ಯಾಟಲಾಗ್‌ನಲ್ಲಿ ಕರ್ನಾಟಕ ಎಂದೇ ಹುಡುಕಿದ್ದಾರೆ, ಸಿಗಲಿಲ್ಲ. ನೀವು ಮೈಸೂರು ಸರ್ಕಾರದ ಹೆಸರಲ್ಲಿ ನೋಡಿದರೆ ಸಿಕ್ಕೀತೇನೋ. ಇನ್ನೊಂದು ಬೆಂಗಳೂರಿನ ಕೆರೆಗಳ ಬಗ್ಗೆ ಲಕ್ಷ್ಮಣರಾವ್ ಸಮಿತಿ ಕೊಟ್ಟ ವರದಿ. ಒಂದು ಅಧ್ಯಾಯದಲ್ಲಿ ವರ್ಷ 1986, ಇನ್ನೊಂದರಲ್ಲಿ 1988. ಮುಖಪುಟದಲ್ಲಿ ಅಚ್ಚಾಗಿರುವ ವರ್ಷವನ್ನೇ ಕೊಡುತ್ತೇವೆ.

ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಲೇಖನ ಒಂದಿದೆ. "ಸಂಪುಟ 25, 1962" ಎಂದು ಬರೆದಿದ್ದಾರೆ. ಆ ಹೆಸರಿನ ಪತ್ರಿಕೆ ಶುರುವಾದದ್ದು 1966ರಲ್ಲಿ, ಅದರ ಮುಂಚೆ ಎಕನಾಮಿಕ್ ವೀಕ್ಲಿ ಇತ್ತು. ಸಂಪುಟ 25 ಅಂದರೆ 1990. ವರ್ಷ ಸರಿಯೋ, ಸಂಪುಟ ಸರಿಯೋ ಗೊತ್ತಾಗುತ್ತಿಲ್ಲ. 1962 ನಿಜವಾದರೆ ಎಕನಾಮಿಕ್ ವೀಕ್ಲಿಯ ಹದಿನಾಲ್ಕನೇ ಸಂಪುಟ ತೆಗೆದು ನೋಡಬೇಕು. ಎರಡು ವರ್ಷದ ಸೂಚಿಯನ್ನೂ ಒಮ್ಮೆ ತಿರುವಿ ಹಾಕಿದರೆ ಉಪಕಾರ.

ಇವೆಲ್ಲ ಇರುವ ಪುಸ್ತಕ, ಇರುವ ಪತ್ರಿಕೆ. ವಿವರ ಕೆಟ್ಟಿದೆ ಅಷ್ಟೇ. ಕೊನೆಯದು ಹಾಗಲ್ಲ. ಕೆರೆ ನೀರುಗಂಟಿಗಳ ಬಗ್ಗೆ 2011ರ ಒಂದು ಇಂಗ್ಲಿಷ್ ಲೇಖನ. ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ, ಡಿಒಐ ಎಲ್ಲವೂ ಅಚ್ಚುಕಟ್ಟಾಗಿವೆ. ಡಿಒಐಯನ್ನು doi.org ನಲ್ಲಿ ಹಾಕಿದರೆ ತೆರೆದುಕೊಳ್ಳುವುದು ರಸಾಯನಶಾಸ್ತ್ರದ ಲೇಖನ. ಪತ್ರಿಕೆಯ ಹೆಸರು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲೂ ಕಾಣಲಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದಾಗ ಸಿಕ್ಕಿತು ಎಂದು ಸುಧಾ ಖುಷಿಯಾದರು. ನೋಡಿದರೆ ಪಕ್ಕದಲ್ಲಿ CITATION ಎಂಬ ಗುರುತು, ಲಿಂಕ್ ಇಲ್ಲ. ಯಾರೋ ಎಲ್ಲೋ ಅದನ್ನು ಉಲ್ಲೇಖಿಸಿದ್ದಾರೆ ಎಂದಷ್ಟೇ ಅದರ ಅರ್ಥ. ಲೇಖನ ಇದೆ ಎನ್ನಲು ಅದು ಸಾಕ್ಷಿಯಾಗುವುದಿಲ್ಲ. ಶೋಧಗಂಗಾದ ಎರಡು ಪ್ರಬಂಧಗಳಲ್ಲೂ ಇದೇ ಸಾಲು, ಇದೇ ಅಲ್ಪವಿರಾಮಗಳ ಸಮೇತ ಇದೆ. ಅವರಲ್ಲಿ ಯಾರಾದರೂ ಲೇಖನವನ್ನು ಓದಿದ್ದಾರೆಯೇ ಎಂಬುದೇ ನನ್ನ ಅನುಮಾನ. ನಿಮ್ಮ ಡೇಟಾಬೇಸ್‌ಗಳಲ್ಲಿ ಲೇಖಕರ ಹೆಸರಿನ ಬೇರೆ ಬೇರೆ ಕಾಗುಣಿತಗಳಿಂದ ಒಮ್ಮೆ ನೋಡಿ. ಇನಿಶಿಯಲ್ ಹಿಂದೆ ಮುಂದೆ ಆಗಿರಬಹುದು. ಬೇರೆ ಗ್ರಂಥಾಲಯದಲ್ಲಿ ಪತ್ರಿಕೆ ಇದ್ದರೆ ಆ ಸಂಚಿಕೆಯ ಪರಿವಿಡಿಯ ಸ್ಕ್ಯಾನ್ ಮಾತ್ರ ತರಿಸಿಕೊಟ್ಟರೂ ಆಯಿತು.

ಒಂದು ವಿನಂತಿ. ಯಾವುದಾದರೂ ಸಿಗದಿದ್ದರೆ ಹತ್ತಿರದ್ದೊಂದನ್ನು ಹುಡುಕಿ ಹೊಂದಿಸುವುದು ಬೇಡ. ಎಲ್ಲೆಲ್ಲಿ ಹುಡುಕಿದಿರಿ, ಏನೂ ಸಿಗಲಿಲ್ಲ ಎಂದು ಬರೆದರೆ ಅದೂ ನಮಗೆ ಉತ್ತರವೇ. ಆ ನೀರುಗಂಟಿ ಲೇಖನ ಸಿಗದಿದ್ದರೆ ಅದರ ಮೇಲೆ ನಿಂತಿರುವ ಎರಡು ಪ್ಯಾರಾಗಳನ್ನೇ ತೆಗೆಯುವುದಾಗಿ ಸುಧಾ ಒಪ್ಪಿದ್ದಾರೆ. ಉಳಿದವುಗಳಲ್ಲಿ ಮೂಲ ಕೈಗೆ ಸಿಗದಿದ್ದರೆ, ಯಾವ ಪ್ರಬಂಧದಲ್ಲಿ ನೋಡಿದ್ದು ಎಂದು ಅದರ ಹೆಸರನ್ನೇ ಹೇಳುತ್ತೇವೆ.

ಪುಸ್ತಕ ಸಿಕ್ಕಲ್ಲಿ ಶೀರ್ಷಿಕೆ ಪುಟ, ಅದರ ಹಿಂಬದಿಯ ಮುದ್ರಣ ವಿವರ ಮತ್ತು ಉದ್ಧರಿಸಿದ ಪುಟ, ಇಷ್ಟರ ಫೋಟೋ ಸಾಕು. ನಿಮ್ಮ ಸಿಬ್ಬಂದಿ ಕಡಿಮೆ ಇದ್ದಾರೆ ಎಂದು ಗೊತ್ತು. ಸ್ಟ್ಯಾಕ್‌ನಿಂದ ಸಂಪುಟಗಳನ್ನು ತೆಗೆದಿಟ್ಟರೆ ಸುಧಾ ತಾವೇ ಬಂದು ಕೂತು ನೋಡುತ್ತಾರೆ. ಗುರುವಾರ, ಶುಕ್ರವಾರ ಮಧ್ಯಾಹ್ನ ಎರಡರ ನಂತರ ಅವರಿಗೆ ಬಿಡುವಿದೆ. ಡೇಟಾಬೇಸ್ ಹುಡುಕಾಟದಲ್ಲಿ ಮಾತ್ರ ನಿಮ್ಮ ಕೈ ಬೇಕು. ಜುಲೈ 10ರ ಒಳಗೆ ಸಿಕ್ಕಷ್ಟು ಕೊಟ್ಟರೆ ತಿದ್ದಲು ಸಮಯ ಉಳಿಯುತ್ತದೆ. ಎಲ್ಲವೂ ಆಗದಿದ್ದರೆ ಶಾಸನ ಸಂಪುಟ ಮತ್ತು ನೀರುಗಂಟಿ ಲೇಖನ ಇವೆರಡನ್ನು ಮೊದಲು ನೋಡಿ.

ಪಟ್ಟಿಯ ಆ ಪುಟಗಳು, ಪ್ರಬಂಧದಲ್ಲಿ ಅವು ಬಂದಿರುವ ಪುಟಗಳು ಎರಡನ್ನೂ ಲಗತ್ತಿಸಿದ್ದೇನೆ.

ನಿಮ್ಮ ವಿಶ್ವಾಸಿ,
ಶ್ರೀಕಾಂತ
ಇತಿಹಾಸ ವಿಭಾಗ