ನಿನ್ನ ಮೊದಲ ನಡಾವಳಿ ತಿದ್ದಿದ್ದೇನೆ, ನೋಡು

ತಮ್ಮಾ, ಜೂನ್ ತಿಂಗಳ ಆಡಳಿತ ಮಂಡಳಿ ಸಭೆಯ ಡ್ರಾಫ್ಟ್ ಓದಿದೆ. ನಮ್ಮ ಹಾಲು ಸಂಘದ ಕಾರ್ಯದರ್ಶಿ ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ, ಅದಕ್ಕೆ ಇದೇನೂ ಕಡಿಮೆ ಅಲ್ಲ. ಆದರೆ ಪುಸ್ತಕಕ್ಕೆ ಏರಿಸೋ ಮುಂಚೆ ಇದನ್ನು ನೋಡು. ಹೆಸರುಗಳ ಬದಲು ಹುದ್ದೆ ಹಾಕಿದ್ದೇನೆ, ಪುಸ್ತಕದಲ್ಲಿ ಹೆಸರೇ ಇರಬೇಕು.

ನೀನು ಬರೆದದ್ದು: 12ನೇ ತಾರೀಕು ಸಭೆ ನಡೆಯಿತು. ಬಹುತೇಕ ಎಲ್ಲರೂ ಬಂದಿದ್ದರು.

ತಿದ್ದಿದ್ದು: ದಿನಾಂಕ 12-06-2025ರ ಗುರುವಾರ ಬೆಳಿಗ್ಗೆ 10.30ಕ್ಕೆ ಸಂಘದ ಕಚೇರಿಯಲ್ಲಿ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಸಭೆ ನಡೆಯಿತು. 11 ನಿರ್ದೇಶಕರಲ್ಲಿ 8 ಮಂದಿ ಹಾಜರಿದ್ದರು. ಇಬ್ಬರು ಬರಲಾಗದೆಂದು ಪತ್ರ ಕೊಟ್ಟಿದ್ದರು, ಒಬ್ಬರು ಗೈರು. ಬೈಲಾ ಪ್ರಕಾರ ಬೇಕಾದ 6 ಮಂದಿಯ ಕೋರಂ ಇದ್ದುದರಿಂದ ಸಭೆ ಆರಂಭಿಸಲಾಯಿತು.

‘ಬಹುತೇಕ’ ಅಂದರೆ ಎಷ್ಟು? ಕೋರಂ ಇಲ್ಲದ ಸಭೆಯ ಠರಾವು ನಿಲ್ಲುವುದಿಲ್ಲ. ಇನ್ನೊಂದು, ಉಪಾಧ್ಯಕ್ಷರು ಮಧ್ಯದಲ್ಲೇ ಎದ್ದು ಹೋದರಲ್ವಾ, ‘11.40ಕ್ಕೆ, ವಿಷಯ 4ರ ಚರ್ಚೆಗೆ ಮುಂಚೆ ಹೊರಟರು’ ಅಂತ ಸೇರಿಸಿದ್ದೇನೆ. ಇಲ್ಲದಿದ್ದರೆ ಅವರು ಕೇಳದ ಠರಾವಿಗೂ ಅವರ ಒಪ್ಪಿಗೆ ಇದ್ದಂತೆ ಆಗುತ್ತದೆ.

ನೀನು ಬರೆದದ್ದು: ಕರೆಂಟ್ ಹೋದಾಗ ಹಾಲು ಕೆಡುತ್ತಿದೆ ಎಂದು ಒಬ್ಬ ನಿರ್ದೇಶಕರು ಕೂಗಾಡಿದರು. ಅಧ್ಯಕ್ಷರು ಸಮಾಧಾನ ಮಾಡಿದರು. ತುಂಬಾ ಹೊತ್ತು ಚರ್ಚೆಯಾಗಿ ಜನರೇಟರ್ ರಿಪೇರಿ ಮಾಡಿಸೋಣ ಎಂದಾಯಿತು.

ತಿದ್ದಿದ್ದು: ವಿಷಯ 2: ಹಾಲು ಶೀತಲೀಕರಣ ಘಟಕದ ಜನರೇಟರ್ ದುರಸ್ತಿ. ರೂ. 18,400, ರೂ. 21,000 ಮತ್ತು ರೂ. 22,750ರ ಮೂರು ಕೊಟೇಶನ್‌ಗಳನ್ನು ಸಭೆಯ ಮುಂದಿಡಲಾಯಿತು. ಕಡಿಮೆ ದರವಾದ ರೂ. 18,400ಕ್ಕೆ ದಿನಾಂಕ 25-06-2025ರೊಳಗೆ ದುರಸ್ತಿ ಮಾಡಿಸಲು, ಖರ್ಚನ್ನು ದುರಸ್ತಿ ಲೆಕ್ಕದಲ್ಲಿ ಹಾಕಲು ಮತ್ತು ಕೆಲಸ ನೋಡಿಕೊಳ್ಳುವ ಹೊಣೆಯನ್ನು ಕಾರ್ಯದರ್ಶಿಗೆ ವಹಿಸಲು ಸರ್ವಾನುಮತದಿಂದ ಠರಾವು ಮಾಡಲಾಯಿತು. ಸೂಚಕರು: ಉಪಾಧ್ಯಕ್ಷರು. ಅನುಮೋದಕರು: ಮಹಿಳಾ ನಿರ್ದೇಶಕರು.

ಇಲ್ಲಿ ಸ್ವಲ್ಪ ನಿಲ್ಲು. ಕೂಗಾಟ ನಿಜವೇ ಇರಬಹುದು, ನಾನೂ ಅವರ ಜೊತೆ ಹತ್ತಾರು ಸಭೆ ಕೂತವನು, ಆ ದನಿ ಡೈರಿ ಗೇಟಿನವರೆಗೂ ಕೇಳುತ್ತದೆ. ಆದರೆ ಅದು ಪುಸ್ತಕಕ್ಕೆ ಬೇಡ. ಬೇಕಾದ್ದು ಎಷ್ಟು ದುಡ್ಡು, ಯಾರು, ಯಾವಾಗ, ಯಾವ ಲೆಕ್ಕದಿಂದ. ನಾನು ಹೊಸದರಲ್ಲಿ ‘ತೂಕದ ಯಂತ್ರ ರಿಪೇರಿ ಮಾಡಿಸುವುದು’ ಅಂತ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದ್ದೆ. ಆಡಿಟ್‌ನವರು ಬಿಲ್ಲನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ‘ಮೊತ್ತ ಎಲ್ಲಿ?’ ಅಂದರು. ಆ ಬಿಲ್ಲು ಆಕ್ಷೇಪಣೆಗೆ ಬಿತ್ತು, ಮುಂದಿನ ಸಭೆಯಲ್ಲಿ ನಾನೇ ಕೈಕಟ್ಟಿ ನಿಂತು ವಿವರಣೆ ಕೊಟ್ಟೆ.

ನೀನು ಬರೆದದ್ದು: ಟೆಸ್ಟರ್ ಫ್ಯಾಟ್ ಸರಿಯಾಗಿ ನೋಡುತ್ತಿಲ್ಲ. ರೈತರಿಗೆ ಮೋಸವಾಗುತ್ತಿದೆ.

ತಿದ್ದಿದ್ದು: ವಿಷಯ 3: ಫ್ಯಾಟ್ ಪರೀಕ್ಷೆಯಲ್ಲಿ ವ್ಯತ್ಯಾಸ ಬರುತ್ತಿದೆ ಎಂದು ಉತ್ಪಾದಕರಿಂದ ದೂರು ಬಂದಿರುವುದನ್ನು ಇಬ್ಬರು ನಿರ್ದೇಶಕರು ಸಭೆಗೆ ತಿಳಿಸಿದರು. ಒಂದು ವಾರ ಇಬ್ಬರು ಉತ್ಪಾದಕರ ಎದುರಿನಲ್ಲಿ ಮಾದರಿಗಳನ್ನು ಮರುಪರೀಕ್ಷೆ ಮಾಡಿ ಮುಂದಿನ ಸಭೆಗೆ ವರದಿ ಕೊಡಲು ಕಾರ್ಯದರ್ಶಿಗೆ ಸೂಚಿಸಲಾಯಿತು.

ಇದು ನಿನ್ನ ಡ್ರಾಫ್ಟಿನ ಅತಿ ಅಪಾಯದ ಸಾಲು. ಯಾರೋ ಹೇಳಿದ್ದನ್ನು ಸಂಘವೇ ತೀರ್ಮಾನಿಸಿದಂತೆ ಬರೆದಿದ್ದೀಯ. ನಾಳೆ ಆ ಟೆಸ್ಟರ್ ಹುಡುಗ ಇದರ ನಕಲು ತೆಗೆಸಿಕೊಂಡು ‘ನಾನು ಮೋಸ ಮಾಡಿದ್ದಕ್ಕೆ ಏನು ಸಾಕ್ಷಿ?’ ಅಂತ ಕೇಳಿದರೆ ಉತ್ತರ ಕೊಡಬೇಕಾದವನು ನೀನು. ಯಂತ್ರದ ತೊಂದರೆಯೋ, ಮಾದರಿ ಕಲಕದೆ ತೆಗೆದದ್ದೋ ಇನ್ನೂ ಯಾರಿಗೆ ಗೊತ್ತು?

ನೀನು ಬರೆದದ್ದು: ಸಿಬ್ಬಂದಿ ಸಂಬಳ ಹೆಚ್ಚಿಸಲು ಎಲ್ಲರೂ ಒಪ್ಪಿದರು.

ತಿದ್ದಿದ್ದು: ವಿಷಯ 4: ಇಬ್ಬರು ಸಿಬ್ಬಂದಿಗೆ ಜುಲೈ 2025ರಿಂದ ತಿಂಗಳಿಗೆ ತಲಾ ರೂ. 1,500 ಹೆಚ್ಚಿಸಲು 6 ಮಂದಿ ಪರವಾಗಿ, ಒಬ್ಬರು ವಿರುದ್ಧವಾಗಿ ಮತ ಕೊಟ್ಟರು. ಬಹುಮತದಿಂದ ಠರಾವು ಆಯಿತು. ವಿರೋಧಿಸಿದವರ ಕೋರಿಕೆಯಂತೆ ಅವರ ಭಿನ್ನಾಭಿಪ್ರಾಯವನ್ನು ದಾಖಲಿಸಿದೆ.

ಒಬ್ಬರು ಬೇಡ ಅಂದದ್ದು ನಿನ್ನ ಚೀಟಿಯಲ್ಲೇ ಇತ್ತು. ಮುಜುಗರಕ್ಕೆ ಬಿಟ್ಟೆಯೇನೋ. ಬಿಡಬೇಡ.

ಉಳಿದದ್ದು ಚಿಕ್ಕವು. ವೈಟ್ನರ್ ಹಚ್ಚಬೇಡ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿಸು. ಕೊನೆಯ ಸಾಲಿಗೂ ಅಧ್ಯಕ್ಷರ ಸಹಿಗೂ ನಡುವೆ ಅರ್ಧ ಪುಟ ಖಾಲಿ ಬಿಟ್ಟಿದ್ದೀಯ, ಅಲ್ಲಿ ಆಮೇಲೆ ಯಾರು ಏನು ಬೇಕಾದರೂ ಸೇರಿಸಬಹುದು, ಅಡ್ಡ ಗೆರೆ ಹಾಕು. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅನ್ನೋದರ ಕೆಳಗೆ ಹೊಸ ಕ್ಯಾನ್‌ಗಳ ಖರೀದಿ ತೂರಿಸಿದ್ದೀಯಲ್ಲ, ಅದನ್ನು ನಾನು ತೆಗೆದಿದ್ದೇನೆ. ಸಭೆಯಲ್ಲಿ ಯಾರೋ ಬಾಯಿಮಾತಿಗೆ ಅಂದದ್ದು, ತೀರ್ಮಾನವೇ ಆಗಿರಲಿಲ್ಲ. ಮುಂದಿನ ತಿಂಗಳ ಅಜೆಂಡಾಕ್ಕೆ ಹಾಕಿ ನೋಟಿಸ್ ಕಳಿಸು.