ವೇಣಿಗೆ, ಸುಧಾ ಬರೆದಿದ್ದು

ವೇಣೀ, ನಾನು ಸುಧಾ. ಸಾಗರದ ಹಾಸ್ಟೆಲ್ಲಿನ ಮೂಲೆ ರೂಮಿನ ಸುಧಾ. ಗೊತ್ತಿಲ್ಲದ ನಂಬರು ಅಂತ ಬ್ಲಾಕ್ ಮಾಡಿಬಿಡಬೇಡ ಮಾರಾಯ್ತಿ, ಇನ್ಶೂರೆನ್ಸ್ ಮಾರೋಕೆ ಬಂದವಳಲ್ಲ.

ನಂಬರ್ ಕೊಟ್ಟಿದ್ದು ನಿನ್ನ ತಮ್ಮ. ಹೋದ ವಾರ ಅತ್ತೆಯವರನ್ನ ಕರ್ಕೊಂಡು ಸಿಗಂದೂರಿಗೆ ಹೋಗಿದ್ವಿ. ಅಲ್ಲೀವರೆಗೆ ಹೋಗಿ ತುಮರಿ ನೋಡದೆ ಬರೋದು ಹೇಗೆ ಅಂತ ನಾನೇ ಹಟ ಮಾಡಿ ಕಾರು ತಿರುಗಿಸಿದೆ. ಅಂಗಡಿ ಗಲ್ಲಾದಲ್ಲಿ ಕೂತವನ ಮೂಗು ನೋಡಿದ್ದೇ ಗೊತ್ತಾಯ್ತು, ನಿಮ್ಮನೆಯವನೇ ಅಂತ!

ಹೋಗಿದ್ದು ಹೊಸ ಸೇತುವೆ ಮೇಲೆ. ಜುಲೈನಲ್ಲಿ ಶುರುವಾಯ್ತಲ್ಲ, ಅದು. ಎರಡೂವರೆ ಕಿಲೋಮೀಟರ್ ಹತ್ತಿರ ಇದೆ, ಮಾತು ಮುಗಿಯೋದ್ರೊಳಗೆ ಆಚೆ ದಡ. ಶನಿವಾರ ಕ್ಲಾಸ್ ಮುಗಿಸಿ ಎದ್ದುಬಿದ್ದು ಹೊಳೆಬಾಗಿಲಿಗೆ ಬಂದ್ರೆ ಲಾಂಚ್ ಆಗಷ್ಟೇ ಹೊರಟಿರ್ತಿತ್ತು, ನೆನಪಿದ್ಯಾ? ಅದು ವಾಪಸ್ ಬರೋ ತನಕ ಶೇಂಗಾ ತಿಂತಾ ಕೂರೋದು. ಆಮೇಲೆ ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ ಎಲ್ಲದರ ಸಂದಿಯಲ್ಲಿ ನಾವು. ನೀನು ಬಸ್ಸಿನ ಚಕ್ರದ ಪಕ್ಕ ನಿಂತು, ನೀರಿನಿಂದ ಎದ್ದ ಒಣಮರದ ಬೊಡ್ಡೆ ತೋರಿಸಿ "ಅದರ ಬುಡದಲ್ಲೇ ನಮ್ಮಜ್ಜನ ತೋಟ ಇತ್ತು, ಲಿಂಗನಮಕ್ಕಿಗೆ ಹೋಯ್ತು" ಅಂತಿದ್ದೆ. ಪ್ರತಿ ಸಲ ಬೇರೆ ಬೊಡ್ಡೆ! ನಾನು ಕೇಳ್ತಿರಲಿಲ್ಲ ಅಷ್ಟೇ. ಮೊನ್ನೆ ಸೇತುವೆ ಮೇಲಿಂದ ಹುಡುಕಿದೆ. ಹಿನ್ನೀರು ತುಂಬಿದೆ, ಒಂದೂ ಕಾಣಲಿಲ್ಲ.

ಅಪ್ಪಯ್ಯ ಹೋದ ಸುದ್ದಿ ನಿನ್ನ ತಮ್ಮ ಹೇಳಿದ ಮೇಲೇ ಗೊತ್ತಾಗಿದ್ದು. ಏನು ಹೇಳಲಿ. ಕೊನೇ ಲಾಂಚಿಗೆ ಬಂದಾಗೆಲ್ಲ ಟಾರ್ಚ್ ಹಿಡಿದು ದಡದಲ್ಲಿ ನಿಂತಿರ್ತಿದ್ರು. ಒಂದಿನಾನೂ ಯಾಕೆ ತಡ ಅಂತ ಕೇಳಿದವರಲ್ಲ. "ಹಸಿವಾಯ್ತನೇ?" ಅಷ್ಟೇ. ಅಮ್ಮ ಈಗ ನಿನ್ನ ಜೊತೇಲೇ ಇದಾರಂತೆ. ನನ್ನ ಹೆಸರು ಹೇಳಿ ನೋಡು, ಅವರ ಅಪ್ಪೆಮಿಡಿ ಭರಣಿ ಖಾಲಿ ಮಾಡಿದವಳು ಅಂದ್ರೆ ಗುರುತು ಸಿಗುತ್ತೆ.

ನಾನು ಮೈಸೂರಲ್ಲೇ ಇದೀನಿ. ಮಗಳು ಪಿಯುಸಿ. ಹೈಸ್ಕೂಲಲ್ಲಿ ಗಣಿತ ಹೇಳ್ತೀನಿ, ನಗಬೇಡ. ನೀನು ಹೇಳಿಕೊಟ್ಟ ಗಣಿತವೇ ಅನ್ನ ಹಾಕ್ತಿದೆ.

ನಮ್ಮಿಬ್ಬರಿಗೆ ಜಗಳ ಏನೂ ಆಗಿರಲಿಲ್ಲ. ಮದುವೆ ಆಯ್ತು, ಊರು ಬದಲಾಯ್ತು, ಲ್ಯಾಂಡ್‌ಲೈನ್ ಕಟ್ಟಾಯ್ತು. ಮೊದಲು ಕಾಗದ ನಿಲ್ಲಿಸಿದ್ದು ಯಾರು ಅನ್ನೋ ಪಂಚಾಯ್ತಿ ಈಗ ಬೇಡ.

ಫೆಬ್ರವರಿಯಲ್ಲಿ ಸಾಗರದ ಮಾರಿಕಾಂಬಾ ಜಾತ್ರೆ. ಬರ್ತೀಯಾ? ಮೂರು ವರ್ಷಕ್ಕೊಂದ್ಸಲ ಬರೋದು, ಇದು ತಪ್ಪಿದ್ರೆ 2029. ನಾನು ತಾಳಗುಪ್ಪ ರೈಲಿಗೆ ಬರ್ತೀನಿ, ಡಿಸೆಂಬರಲ್ಲಿ ಬುಕಿಂಗ್ ತೆಗೀತಾರೆ. ಜಾತ್ರೆ ಗಲಾಟೆ ಬೇಡ ಅಂದ್ರೆ ನೇರ ನಿಮ್ಮೂರಿಗೇ ಬಂದ್ರೂ ಆಯ್ತು, ಈಗ ಲಾಂಚ್ ತಪ್ಪೋ ಭಯ ಇಲ್ಲ.

ಉತ್ತರಕ್ಕೆ ಅವಸರ ಇಲ್ಲ. ಬರೆಯೋಕೆ ಬೇಜಾರಾದ್ರೆ ವಾಯ್ಸ್ ಮೆಸೇಜ್ ಹಾಕು. ಫೋನ್ ಮಾಡೋದಾದ್ರೆ ರಾತ್ರಿ ಒಂಬತ್ತರ ಮೇಲೆ ಮಾಡು, ಅಷ್ಟೊತ್ತಿಗೆ ಅಡುಗೆಮನೆ ಕೆಲಸ ಮುಗಿದಿರುತ್ತೆ.

ಸುಧಾ