ಪ್ರಯೋಗ 6: ಮೈಕ್ರೋಕಂಟ್ರೋಲರಿಗೆ ಸೆವೆನ್ ಸೆಗ್ಮೆಂಟ್ ಡಿಸ್ಪ್ಲೇ ಜೋಡಣೆ

ದಿನಾಂಕ: 13 ಮಾರ್ಚ್ 2025, ಗುರುವಾರ, ಮಧ್ಯಾಹ್ನದ ಲ್ಯಾಬ್
ಊರು: ದಾವಣಗೆರೆ
ತಂಡ: ಬಿ ಬ್ಯಾಚ್, 4ನೇ ಟೇಬಲ್, ಇಬ್ಬರು

ಉದ್ದೇಶ

ಎಟಿ89ಎಸ್52 ಚಿಪ್ಪಿಗೆ ಒಂದು ಸೆವೆನ್ ಸೆಗ್ಮೆಂಟ್ ಡಿಸ್ಪ್ಲೇ ಜೋಡಿಸಿ 0ಯಿಂದ 9ರವರೆಗೆ ಸೆಕೆಂಡಿಗೊಂದು ಅಂಕಿ ತೋರಿಸುವುದು. ಮ್ಯಾನುವಲ್‌ನಲ್ಲಿ ಇರುವುದು ಇಷ್ಟೇ. ನಾವು ಇನ್ನೂ ಎರಡು ಕೆಲಸ ಸೇರಿಸಿಕೊಂಡೆವು: ಪ್ರತಿ ಸೆಗ್ಮೆಂಟಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಅಂತ ಅಳೆಯುವುದು, ಒಂದು ಸೆಗ್ಮೆಂಟ್ ಕೆಟ್ಟರೆ ಯಾವ ಅಂಕಿ ಇನ್ಯಾವ ಅಂಕಿಯಾಗಿ ಕಾಣುತ್ತದೆ ಅಂತ ನೋಡುವುದು. ಎರಡನೆಯದು ನನ್ನ ಆಸೆ. ನಮ್ಮಪ್ಪ ಪ್ರತಿ ವರ್ಷ ಮೆಕ್ಕೆಜೋಳ ತಂದು ತೂಗಿಸುವ ಯಂತ್ರದ ಮೇಲೂ ಇದೇ ಕೆಂಪು ಅಂಕಿಗಳು. ಆ ಅಂಕಿ ನೋಡಿಯೇ ದುಡ್ಡಿನ ಲೆಕ್ಕ ಆಗುವುದು, ಅಲ್ವಾ? ಅದು ತಪ್ಪು ತೋರಿಸಿದರೆ ನಮಗೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆ ತುಂಬ ದಿನದಿಂದ ತಲೆಯಲ್ಲಿತ್ತು.

ಬೇಕಾದ ಸಾಮಾನು

ಎಟಿ89ಎಸ್52, 11.0592 ಮೆಗಾಹರ್ಟ್ಸ್ ಕ್ರಿಸ್ಟಲ್, 33 ಪಿಕೋಫ್ಯಾರಡ್ ಕೆಪಾಸಿಟರ್ ಎರಡು, ರಿಸೆಟ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 10 ಕಿಲೋ ಓಮ್ ರೆಸಿಸ್ಟರ್, 0.56 ಇಂಚಿನ ಕಾಮನ್ ಆನೋಡ್ ಡಿಸ್ಪ್ಲೇ, 330 ಓಮ್ ಮತ್ತು 1.5 ಕಿಲೋ ಓಮ್ ರೆಸಿಸ್ಟರ್ ತಲಾ ಏಳು, 5 ವೋಲ್ಟ್ ಸಪ್ಲೈ, ಬ್ರೆಡ್‌ಬೋರ್ಡ್, ಮಲ್ಟಿಮೀಟರ್.

ಜೋಡಣೆ

ಡಿಸ್ಪ್ಲೇಯಲ್ಲಿ ಹತ್ತು ಕಾಲು. ಮೇಲೆ ಐದು, ಕೆಳಗೆ ಐದು. ನಡುವಿನ 3 ಮತ್ತು 8 ಎರಡೂ ಕಾಮನ್, ಒಳಗೇ ಸೇರಿಕೊಂಡಿವೆ, ಒಂದಕ್ಕೆ 5 ವೋಲ್ಟ್ ಕೊಟ್ಟರೆ ಸಾಕು. ಉಳಿದವು ಎಯಿಂದ ಜಿವರೆಗಿನ ಏಳು ಸೆಗ್ಮೆಂಟಿಗೆ ಮತ್ತು ಚುಕ್ಕೆಗೆ ಹೀಗೆ: 7 ಎ, 6 ಬಿ, 4 ಸಿ, 2 ಡಿ, 1 ಇ, 9 ಎಫ್, 10 ಜಿ, 5 ಚುಕ್ಕೆ. `P2.0` ಅನ್ನು ಎಗೆ, `P2.1` ಅನ್ನು ಬಿಗೆ, ಹೀಗೇ `P2.6` ಅನ್ನು ಜಿಗೆ ರೆಸಿಸ್ಟರ್ ಮೂಲಕ ಜೋಡಿಸಿದೆವು. ಚುಕ್ಕೆಗೆ ವೈರ್ ಕೊಡಲಿಲ್ಲ. ಚಿಪ್ಪಿನ 31ನೇ ಕಾಲನ್ನು ಮರೆಯದೆ 5 ವೋಲ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಚಿಪ್ ತನ್ನೊಳಗಿನ ಪ್ರೋಗ್ರಾಂ ಬಿಟ್ಟು ಹೊರಗಿನ ಮೆಮೊರಿ ಹುಡುಕುತ್ತದೆ.

ಕಾಮನ್ ಆನೋಡ್ ಯಾಕೆ? ಈ ಚಿಪ್ಪಿನ ಪೋರ್ಟ್ ಕರೆಂಟನ್ನು ಒಳಗೆ ಎಳೆದುಕೊಳ್ಳುವುದರಲ್ಲಿ ಗಟ್ಟಿ, ಹೊರಗೆ ಕೊಡುವುದರಲ್ಲಿ ತುಂಬ ಸೋಂಬೇರಿ. ಹಾಗಾಗಿ ಎಲ್‌ಇಡಿಯ ಒಂದು ತುದಿ 5 ವೋಲ್ಟಿಗೆ, ಇನ್ನೊಂದು ತುದಿ ಪೋರ್ಟಿಗೆ. ಪೋರ್ಟ್ 0 ಆದಾಗ ಸೆಗ್ಮೆಂಟ್ ಉರಿಯುತ್ತದೆ, 1 ಆದಾಗ ಆರುತ್ತದೆ.

ಪ್ರೋಗ್ರಾಂ

```c
#include <reg52.h>

unsigned char code seg[10] = {
  0xC0,0xF9,0xA4,0xB0,0x99,
  0x92,0x82,0xF8,0x80,0x90 };

void delay_1s(void) {
  unsigned char n;
  for (n = 0; n < 20; n++) {
    TH0 = 0x4C; TL0 = 0x00;
    TR0 = 1;
    while (!TF0);
    TR0 = 0; TF0 = 0;
  }
}

void main(void) {
  unsigned char i;
  TMOD = 0x01;
  P2 = 0x80; delay_1s();
  P2 = 0xFF; delay_1s();
  while (1)
    for (i = 0; i < 10; i++) {
      P2 = seg[i]; delay_1s();
    }
}
```

`0x4C00` ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಕ್ರಿಸ್ಟಲ್‌ನ 12 ಬಡಿತಕ್ಕೆ ಟೈಮರ್ ಒಂದು ಎಣಿಸುತ್ತದೆ. ಅಂದರೆ ಸೆಕೆಂಡಿಗೆ 9,21,600 ಎಣಿಕೆ. 50 ಮಿಲಿಸೆಕೆಂಡಿಗೆ 46,080. ಟೈಮರ್ 65,536 ಮುಟ್ಟಿದಾಗ ತುಂಬಿ ಹರಿಯುತ್ತದೆ, ಹಾಗಾಗಿ 65,536ರಲ್ಲಿ 46,080 ಕಳೆದು 19,456ರಿಂದ ಶುರು ಮಾಡಿಸಬೇಕು. ಅದೇ `0x4C00`. ಹೀಗೆ ಇಪ್ಪತ್ತು ಸಲ ಆದರೆ ಒಂದು ಸೆಕೆಂಡ್.

ಅವಲೋಕನ 1: ಸಮಯ

ಮೊದಲು ಟೈಮರ್ ಬಿಟ್ಟು ಬರೀ `for` ಲೂಪ್ ಹಾಕಿ ನೋಡಿದೆವು. 100 ಅಂಕಿ ದಾಟಲು ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ 113 ಸೆಕೆಂಡ್ ಬಂತು. ಟೈಮರ್ ಹಾಕಿದ ಮೇಲೆ 100.2. ಆ 0.2 ನನ್ನ ಬೆರಳಿನದೇ ಇರಬೇಕು, ಒತ್ತುವುದರಲ್ಲಿ ಅಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಅವಲೋಕನ 2: ಕರೆಂಟ್

ಇಲ್ಲಿ ನಾವು ಎರಡು ಸಲ ತಪ್ಪಿದೆವು, ಎರಡೂ ಬರೆಯುತ್ತೇನೆ.

ಮೊದಲ ಜೋಡಣೆಯಲ್ಲಿ ವೈರ್ ಉಳಿಸಲು ಹೋಗಿ ಕಾಮನ್ ಕಾಲಿಗೆ ಒಂದೇ 330 ಓಮ್ ಹಾಕಿದ್ದೆವು. ಓಡಿತು. ಆದರೆ 1 ಬಂದಾಗ ಝಗ್ ಅಂತ ಉರಿದು, 8 ಬಂದಾಗ ಮಂಕಾಯಿತು. ರೆಸಿಸ್ಟರ್ ಮೇಲೆ ವೋಲ್ಟೇಜ್ ಅಳೆದರೆ 1ಕ್ಕೆ 2.96, 8ಕ್ಕೆ 3.07. ಒಟ್ಟು ಕರೆಂಟ್ ಎರಡಕ್ಕೂ ಹತ್ತಿರ ಹತ್ತಿರ 9 ಮಿಲಿ ಆಂಪಿಯರ್. 1ರಲ್ಲಿ ಅದನ್ನು ಎರಡು ಸೆಗ್ಮೆಂಟ್ ಹಂಚಿಕೊಳ್ಳುತ್ತವೆ, 8ರಲ್ಲಿ ಏಳು. ಒಂದು ತಟ್ಟೆ ಊಟವನ್ನು ಇಬ್ಬರು ತಿನ್ನುವುದಕ್ಕೂ ಏಳು ಜನ ತಿನ್ನುವುದಕ್ಕೂ ಇರುವ ವ್ಯತ್ಯಾಸ ಅದು.

ಸರಿ, ಪ್ರತಿ ಸೆಗ್ಮೆಂಟಿಗೂ ಒಂದೊಂದು 330 ಓಮ್ ಹಾಕಿದೆವು. ಎಲ್ಲ ಅಂಕಿಯೂ ಒಂದೇ ಸಮ ಉರಿಯಿತು. ಪಕ್ಕದ ಟೇಬಲ್‌ನವರು ಬಂದು ನೋಡಿ ಚೆನ್ನಾಗಿದೆ ಅಂದರು, ನಾವೂ ಮುಗಿಯಿತು ಅಂದುಕೊಂಡೆವು. ಅಷ್ಟರಲ್ಲಿ ಮೇಡಂ ಬಂದು ಒಂದೇ ಮಾತು ಕೇಳಿದರು: "ಪೋರ್ಟ್ ಇಷ್ಟು ತಡೆಯುತ್ತಾ? ಡೇಟಾಶೀಟ್ ನೋಡಿದಿರಾ?" ನೋಡಿರಲಿಲ್ಲ. ಈ ಚಿಪ್ಪಿಗೆ ಒಂದು ಕಾಲಿಗೆ ಹೆಚ್ಚೆಂದರೆ 10 ಮಿಲಿ ಆಂಪಿಯರ್. ಆದರೆ 1, 2, 3ನೇ ಪೋರ್ಟುಗಳಲ್ಲಿ ಎಂಟು ಕಾಲೂ ಸೇರಿ ಬರೀ 15. ಈ ಎರಡನೇ ಮಿತಿ ನಮಗೆ ಗೊತ್ತೇ ಇರಲಿಲ್ಲ.

| ರೆಸಿಸ್ಟರ್ | ಅಂಕಿ | ರೆಸಿಸ್ಟರ್ ಮೇಲಿನ ವೋಲ್ಟ್ | ಒಂದು ಸೆಗ್ಮೆಂಟಿಗೆ (ಮಿ.ಆಂ.) | ಪೋರ್ಟಿಗೆ ಒಟ್ಟು (ಮಿ.ಆಂ.) |
|---|---|---|---|---|
| 330 ಓಮ್ | 1 | 2.54 | 7.7 | 15.4 |
| 330 ಓಮ್ | 8 | 2.41 | 7.3 | 51.1 |
| 1.5 ಕಿಲೋ | 1 | 3.01 | 2.0 | 4.0 |
| 1.5 ಕಿಲೋ | 8 | 2.98 | 2.0 | 13.9 |

8 ತೋರಿಸುವಾಗ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ! ಚಿಪ್ ಸುಡಲಿಲ್ಲ, ಬಿಸಿಯೂ ಅನ್ನಿಸಲಿಲ್ಲ, ಆದರೆ ಪೋರ್ಟಿನ ಕಾಲಿನಲ್ಲಿ 0 ಇರಬೇಕಾದ ಕಡೆ 0.67 ವೋಲ್ಟ್ ಇತ್ತು. 1.5 ಕಿಲೋ ಹಾಕಿದ ಮೇಲೆ ಅದು 0.23ಕ್ಕೆ ಇಳಿಯಿತು. ಲೆಕ್ಕವೂ ಸರಿಹೋಗುತ್ತದೆ:

```
(4.98 - 1.76 - 0.23) / 1500 = 1.99 mA
```

ಬೆಳಕು ಕಡಿಮೆಯಾಯಿತು, ನಿಜ. ಟ್ಯೂಬ್‌ಲೈಟ್ ಕೆಳಗೆ ನಾಲ್ಕು ಮೀಟರ್ ದೂರದಿಂದ ಆರಾಮಾಗಿ ಓದಬಹುದು. ಕಿಟಕಿ ಪಕ್ಕ ಒಯ್ದು ಮಾರ್ಚ್ ಬಿಸಿಲಿಗೆ ಹಿಡಿದರೆ ಏನೂ ಕಾಣಲಿಲ್ಲ. ಬಿಸಿಲಲ್ಲಿ ಓದಬೇಕೆಂದರೆ ರೆಸಿಸ್ಟರ್ ಕಡಿಮೆ ಮಾಡುವುದು ದಾರಿಯಲ್ಲ, ನಡುವೆ ಯುಎಲ್‌ಎನ್2003 ತರಹದ ಡ್ರೈವರ್ ಬೇಕು. ಅದರಲ್ಲಿ ಸರಿಯಾಗಿ ಏಳು ಚಾನೆಲ್ ಇವೆ. ಆಗ ಪೋರ್ಟ್ 1 ಆದರೆ ಸೆಗ್ಮೆಂಟ್ ಉರಿಯುತ್ತದೆ, ಹಾಗಾಗಿ ಕೋಡ್‌ಗಳನ್ನೆಲ್ಲ ತಿರುಗಿಸಬೇಕು, ಪೋರ್ಟಿಗೆ ಹೊರಗಿನಿಂದ ಪುಲ್-ಅಪ್ ರೆಸಿಸ್ಟರ್ ಕೂಡ ಕೊಡಬೇಕು.

ಅವಲೋಕನ 3: ಕಾಮನ್ ಕ್ಯಾಥೋಡ್ ಸಿಕ್ಕಿಬಿಟ್ಟರೆ

ಡಬ್ಬಿಯಲ್ಲಿ ಎರಡೂ ಜಾತಿಯ ಡಿಸ್ಪ್ಲೇ ಬೆರೆತಿದ್ದವು, ನೋಡಲು ಒಂದೇ ತರಹ. ಬೇಕೆಂದೇ ಕಾಮನ್ ಕ್ಯಾಥೋಡ್ ಒಂದನ್ನು ಹಾಕಿ, ಕಾಮನ್ ಕಾಲನ್ನು ಗ್ರೌಂಡಿಗೆ ಸೇರಿಸಿ, ಅದೇ ಪ್ರೋಗ್ರಾಂ ಓಡಿಸಿದೆವು. ಉರಿಯಬೇಕಾದ್ದು ಆರಿ, ಆರಬೇಕಾದ್ದು ಉರಿಯಿತು. 0ಗೆ ನಡುವೆ ಒಂದು ಅಡ್ಡಗೆರೆ ಮಾತ್ರ. 1ಕ್ಕೆ ಇಂಗ್ಲಿಷಿನ ದೊಡ್ಡ ಇ. 7ಕ್ಕೆ ಚಿಕ್ಕ ಟಿ. 8 ಬಂದಾಗ ಪೂರ್ತಿ ಕತ್ತಲೆ. ಬೆಳಕಂತೂ ಕೈ ಅಡ್ಡ ಹಿಡಿದು ನೋಡುವಷ್ಟು ಮಂಕು, ಯಾಕೆಂದರೆ ಪೋರ್ಟ್ ಹೊರಗೆ ಕೊಡುವ ಕರೆಂಟ್ ಅಷ್ಟೇ. ಬೋರ್ಡಿಗೆ ಹಾಕುವ ಮೊದಲು ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಇಟ್ಟು, ಕೆಂಪು ವೈರನ್ನು ಕಾಮನ್ ಕಾಲಿಗೆ, ಕಪ್ಪು ವೈರನ್ನು ಬೇರೆ ಯಾವುದಕ್ಕಾದರೂ ಮುಟ್ಟಿಸಿ. ಸೆಗ್ಮೆಂಟ್ ಉರಿದರೆ ಅದು ಕಾಮನ್ ಆನೋಡ್.

ಅವಲೋಕನ 4: ಒಂದು ಸೆಗ್ಮೆಂಟ್ ಕೆಟ್ಟರೆ

ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಒಂದೊಂದೇ ವೈರ್ ಕಿತ್ತು, ಹತ್ತೂ ಅಂಕಿ ಓಡಿಸಿ, ನನ್ನ ಜೊತೆಗಾತಿ ಬೋರ್ಡಿಗೆ ಬೆನ್ನು ಮಾಡಿ ನಿಂತು ನಾನು ಕಂಡಂತೆ ಓದಿದ್ದನ್ನು ಬರೆದುಕೊಂಡಳು. ಓದುವಾಗ ಯಾವ ಅಂಕಿ ಬರಬೇಕಿತ್ತು ಅಂತ ಯೋಚಿಸಬಾರದು, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು ಅಂತ ಮಾಡಿಕೊಂಡಿದ್ದೆವು.

| ಕಿತ್ತ ಸೆಗ್ಮೆಂಟ್ | ತಪ್ಪಾಗಿ ಬೇರೆ ಅಂಕಿಯಾಗಿ ಕಂಡದ್ದು |
|---|---|
| ಎ (ಮೇಲಿನ ಗೆರೆ) | 7 → 1 |
| ಬಿ (ಬಲ ಮೇಲೆ) | 8 → 6, 9 → 5 |
| ಸಿ (ಬಲ ಕೆಳಗೆ) | ಇಲ್ಲ |
| ಡಿ (ಕೆಳಗಿನ ಗೆರೆ) | ಇಲ್ಲ |
| ಇ (ಎಡ ಕೆಳಗೆ) | 8 → 9, 6 → 5 |
| ಎಫ್ (ಎಡ ಮೇಲೆ) | 9 → 3 |
| ಜಿ (ನಡು ಗೆರೆ) | 8 → 0 |

ಸಿ ಅಥವಾ ಡಿ ಹೋದರೆ ಅಂಕಿ ಕುರೂಪವಾಗಿ ಕಾಣುತ್ತದೆ, ನೋಡಿದವರಿಗೆ ತಕ್ಷಣ ಅನುಮಾನ ಬರುತ್ತದೆ. ಅದು ಒಳ್ಳೆಯದು. ಉಳಿದ ಐದರಲ್ಲಿ ಯಾವುದು ಹೋದರೂ ಕನಿಷ್ಠ ಒಂದು ಅಂಕಿ ಇನ್ನೊಂದು ಸರಿಯಾದ ಅಂಕಿಯ ವೇಷ ಹಾಕಿಕೊಂಡು ನಿಲ್ಲುತ್ತದೆ. ಒಟ್ಟು ಏಳು ಕಡೆ ಹೀಗಾಯಿತು, ಅದರಲ್ಲಿ 8 ಒಂದೇ ಮೂರು ಸಲ ಮೋಸ ಮಾಡಿತು. 86 ಕಿಲೋ ತೂಕದ ಮೊದಲ ಅಂಕಿಯಲ್ಲಿ ಬಿ ಹೋದರೆ 66 ಅಂತ ಕಾಣುತ್ತದೆ. 20 ಕಿಲೋ ಜೋಳ ಹೋಯಿತು, ಯಂತ್ರದೊಳಗಿನ ಲೆಕ್ಕ ಮಾತ್ರ ಸರಿಯಾಗಿಯೇ ಇರುತ್ತದೆ!

ಅದಕ್ಕೇ ಪ್ರೋಗ್ರಾಂ ಶುರುವಿನಲ್ಲಿ ಒಂದು ಸೆಕೆಂಡ್ 8, ಆಮೇಲೆ ಒಂದು ಸೆಕೆಂಡ್ ಖಾಲಿ ಸೇರಿಸಿದ್ದು. ಮ್ಯಾನುವಲ್‌ನಲ್ಲಿ ಇದು ಇಲ್ಲ. 8 ಬಂದರೆ ಏಳೂ ಉರಿಯುತ್ತಿವೆ, ಖಾಲಿ ಬಂದರೆ ಯಾವುದೂ ಅಂಟಿಕೊಂಡು ಉರಿಯುತ್ತಿಲ್ಲ. ಬಿ ವೈರ್ ಕಿತ್ತು ಮತ್ತೆ ಆನ್ ಮಾಡಿದೆ, ಮೊದಲ ಸೆಕೆಂಡಿಗೇ 6 ಕಂಡಿತು. ಮೊದಲು 8 ಬರಬೇಕು ಅಂತ ಗೊತ್ತಿದ್ದವರು ಅಲ್ಲಿಯೇ ಹಿಡಿಯಬಹುದು. ಗೊತ್ತಿಲ್ಲದವರಿಗೆ ಅದೂ ಒಂದು ಅಂಕಿಯೇ.

ಫಲಿತಾಂಶ

0ಯಿಂದ 9 ಸೆಕೆಂಡಿಗೊಂದರಂತೆ ಸರಿಯಾಗಿ ಬಂತು. ಪೋರ್ಟಿನ ಒಟ್ಟು ಕರೆಂಟ್ 13.9 ಮಿಲಿ ಆಂಪಿಯರ್, ಮಿತಿ 15. ಮುಂದಿನ ಬ್ಯಾಚಿನವರಿಗಾಗಿ 4ನೇ ಟೇಬಲ್ ಮೇಲೆ 1.5 ಕಿಲೋ ಹಾಕಿದ ಬೋರ್ಡನ್ನು ಹಾಗೇ ಬಿಟ್ಟಿದ್ದೇವೆ, 330 ಓಮ್ ರೆಸಿಸ್ಟರುಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದ್ದೇವೆ. ಕಾಮನ್ ಕ್ಯಾಥೋಡ್ ಡಿಸ್ಪ್ಲೇಗಳನ್ನು ಬೇರೆ ಮಾಡಿ, ಬೆನ್ನಿಗೆ ಬಿಳಿ ಟೇಪ್ ಅಂಟಿಸಿ ಇಟ್ಟಿದ್ದೇವೆ.